ಬಾಣಂತಿಯ ಒಂದೇ ಕಾಲು ಊದಿದರೆ ತಿಕ್ಕಬೇಡಿ, ತೋರಿಸಿ

ಬಾಣಂತನ ಮಾಡುವ ಅಮ್ಮಂದಿರೇ, ಅತ್ತೆಯಂದಿರೇ, ಮನೆಮನೆಗೆ ಹೋಗುವ ಆಶಾ ಕಾರ್ಯಕರ್ತೆಯರೇ, ಹೆರಿಗೆಯಾದವಳ ಎರಡೂ ಕಾಲುಗಳನ್ನು ದಿನಕ್ಕೊಮ್ಮೆ ಜೋಡಿಸಿಟ್ಟು ನೋಡಿ. ಒಂದೇ ಕಾಲು ಊದಿದ್ದರೆ ನಂಜು ಎಂದುಕೊಂಡು ಎಣ್ಣೆ ಹಚ್ಚಿ ತಿಕ್ಕಬೇಡಿ. ಒಳಗಿನ ದೊಡ್ಡ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿರಬಹುದು. ಆ ಹೆಪ್ಪಿನ ತುಂಡು ಕಿತ್ತು ಶ್ವಾಸಕೋಶಕ್ಕೆ ಹೋದರೆ ಜೀವಕ್ಕೇ ಅಪಾಯ.

ಹೆರಿಗೆಯಲ್ಲಿ ರಕ್ತ ಹೆಚ್ಚು ಹರಿದುಹೋಗದಿರಲೆಂದು ಬಸುರಿಯ ರಕ್ತ ಬೇಗ ಹೆಪ್ಪುಗಟ್ಟುವ ಗುಣ ಪಡೆದಿರುತ್ತದೆ. ಹೆರಿಗೆಯ ನಂತರದ 6 ವಾರಗಳಲ್ಲಿ ಅಪಾಯ ಎಲ್ಲಕ್ಕಿಂತ ಹೆಚ್ಚು. ಸಿಸೇರಿಯನ್, ಸೋಂಕು, ಹೆಚ್ಚಿನ ತೂಕ, ಮನೆಯಲ್ಲಿ ಯಾರಿಗಾದರೂ ಹಿಂದೆ ಹೀಗಾಗಿದ್ದರೆ ಇನ್ನೂ ಹೆಚ್ಚು. ಇದರ ಮೇಲೆ ಶೀತವಾಗುತ್ತದೆಂದು ನೀರು ಕೊಡದೆ, ಮಂಚದಿಂದ ಇಳಿಯಲೂ ಬಿಡದೆ ಮಲಗಿಸುವ ನಮ್ಮ ಪದ್ಧತಿ. ದಯವಿಟ್ಟು ಅದನ್ನು ಬಿಡಿ. ಬಾಯಾರಿದಾಗ ನೀರು ಕೊಡಿ, ಮನೆಯೊಳಗೆ ನಡೆದಾಡಲು ಬಿಡಿ.

ಸಿಸೇರಿಯನ್ ಆಗಿ 10 ದಿನವಾದ ಒಬ್ಬಳನ್ನು ಕಲ್ಪಿಸಿಕೊಳ್ಳಿ. ಎಡಗಾಲು ಭಾರ, ಮೀನಖಂಡ ಬಿಗಿ, ಮುಟ್ಟಿದರೆ ಬಿಸಿ, ನಡೆದರೆ ನೋವು. ಟೇಪಿನಲ್ಲಿ ಅಳೆದರೆ ಬಲ ಮೀನಖಂಡ 31 ಸೆಂ.ಮೀ., ಎಡದ್ದು 34. ಎಡಗಾಲಿನಲ್ಲೇ ಹೆಚ್ಚು ಕಾಣಿಸಲು ಕಾರಣವಿದೆ: ಎಡಗಾಲಿನ ರಕ್ತ ಮೇಲೇರುವ ನಾಳವನ್ನು ಹೊಟ್ಟೆಯೊಳಗೆ ಒಂದು ಅಪಧಮನಿ ಅಡ್ಡಹಾಯ್ದು ಒತ್ತುತ್ತಿರುತ್ತದೆ. ಅವಳನ್ನು ಅವತ್ತೇ ಆಸ್ಪತ್ರೆಗೆ ಕರೆದೊಯ್ಯಬೇಕು. ಉಸಿರುಕಟ್ಟುವುದು, ಎದೆನೋವು ಸೇರಿಕೊಂಡರೆ ಬೆಳಗಾಗಲೆಂದು ಕಾಯದೆ 108ಕ್ಕೆ ಕರೆ ಮಾಡಿ.

ಅಲ್ಲಿ ಮಾಡುವುದು ಡಾಪ್ಲರ್ ಸ್ಕ್ಯಾನಿಂಗ್. ಸೂಜಿಯಿಲ್ಲ, ಎಕ್ಸ್‌ರೇ ಇಲ್ಲ, ಹಾಲುಣಿಸಲು ಅಡ್ಡಿಯಿಲ್ಲ. ತೊಡೆಸಂದಿನಿಂದ ಮಂಡಿಯ ಹಿಂಭಾಗದವರೆಗೆ ಸಾಧನವನ್ನಿಟ್ಟು ಅಲ್ಲಲ್ಲಿ ಮೆಲ್ಲಗೆ ಒತ್ತುತ್ತಾರೆ. ಆರೋಗ್ಯವಾದ ನಾಳ ಒತ್ತಿದೊಡನೆ ಚಪ್ಪಟೆಯಾಗುತ್ತದೆ. ಹೆಪ್ಪು ತುಂಬಿದ್ದು ಒತ್ತಿದರೂ ಬಗ್ಗದು. ಆದರೆ ಹೊಟ್ಟೆಯೊಳಗಿನ ನಾಳವನ್ನು ಹೀಗೆ ಒತ್ತಿ ನೋಡಲಾಗದು. ಆದ್ದರಿಂದ ಮೊದಲ ಸ್ಕ್ಯಾನಿಂಗ್‌ನಲ್ಲಿ ಏನೂ ಕಾಣದೆ ಊತ ಮಾತ್ರ ಹಾಗೇ ಇದ್ದರೆ, ವಾರದೊಳಗೆ ಮತ್ತೆ ಮಾಡಿಸಿ.

ಹೆಪ್ಪು ಕಂಡರೆ ಮೊದಲು ಹೆಪರಿನ್ ಇಂಜೆಕ್ಷನ್, ಆಮೇಲೆ ಅದನ್ನೇ ಮುಂದುವರಿಸುತ್ತಾರೆ, ಇಲ್ಲವೇ ವಾರ್ಫರಿನ್ ಮಾತ್ರೆಗೆ ಬದಲಿಸುತ್ತಾರೆ. ಈ ಎರಡರಲ್ಲೂ ಹಾಲುಣಿಸಬಹುದು. ಬೇರೆ ಹೊಸ ಮಾತ್ರೆ ಬರೆದರೆ ಹಾಲುಣಿಸುತ್ತಿದ್ದಾಳೆಂದು ಹೇಳಿ. ವಾರ್ಫರಿನ್ ಆದರೆ ಐಎನ್‌ಆರ್ ಎಂಬ ರಕ್ತಪರೀಕ್ಷೆಯ ಅಂಕಿ 2ರಿಂದ 3ರ ನಡುವೆ ಇರುವಂತೆ ನೋಡಿಕೊಳ್ಳಬೇಕು.

ಎಡವುವುದು ಮುಂದೆ. ಊತ ಬೇಗನೆ ಇಳಿಯುತ್ತದೆ, ವಾಸಿಯಾಯಿತೆಂದು ಮಾತ್ರೆ ನಿಲ್ಲಿಸಿಬಿಡುತ್ತಾರೆ. ಈ ಔಷಧ ಹೆಪ್ಪನ್ನು ಕರಗಿಸುವುದಿಲ್ಲ, ಬೆಳೆಯದಂತೆ ತಡೆಯುತ್ತದೆ. ಕರಗಿಸುವ ಕೆಲಸವನ್ನು ದೇಹವೇ ನಿಧಾನವಾಗಿ ಮಾಡಬೇಕು. ಅದಕ್ಕೇ ಔಷಧ ಕನಿಷ್ಠ 3 ತಿಂಗಳು. ಬಸುರಿಯಿದ್ದಾಗಲೇ ಶುರುವಾಗಿದ್ದರೂ ಹೆರಿಗೆಯ ನಂತರ 6 ವಾರ ದಾಟಲೇಬೇಕು. ಹೆರಿಗೆ, ಶಸ್ತ್ರಚಿಕಿತ್ಸೆಯಂಥ ಕಾರಣವೇ ಇಲ್ಲದೆ ಹೆಪ್ಪುಗಟ್ಟಿದವರಿಗೆ ವೈದ್ಯರು ಇನ್ನೂ ದೀರ್ಘಕಾಲ ಕೊಡಬಹುದು.

ಸ್ಕ್ಯಾನಿಂಗ್ ವರದಿಯನ್ನು ತಾಯಿ ಕಾರ್ಡಿನ ಜೊತೆಗೇ ಇಡಿ. ಮುಂದಿನ ಬಸಿರಿನ ಮೊದಲ ತಪಾಸಣೆಯಲ್ಲೇ ಅದನ್ನು ತೋರಿಸಿದರೆ, ಹೆಪ್ಪುಗಟ್ಟದಂತೆ ಇಂಜೆಕ್ಷನ್ ಮೊದಲೇ ಶುರುಮಾಡಬಹುದು.