ಮೋಟಾರು ನಿಂತಿದ್ದರೂ ತೋಪು ತೂಗುವುದೇಕೆ?

ಕಾರವಾರದ ಟ್ಯಾಗೋರ್ ಕಡಲತೀರಕ್ಕೆ ಹೋದವರು ದಂಡೆಯ ಮೇಲೆ ಕುಳಿತ ‘ಚಪಲ್’ ಯುದ್ಧನೌಕೆಯನ್ನು ನೋಡದೆ ಬರುವುದಿಲ್ಲ. ಸೋವಿಯತ್ ಒಕ್ಕೂಟದಲ್ಲಿ ತಯಾರಾದ ಈ ಕ್ಷಿಪಣಿ ದೋಣಿ 1976ರಲ್ಲಿ ಭಾರತೀಯ ನೌಕಾಪಡೆ ಸೇರಿ, 2005ರಲ್ಲಿ ನಿವೃತ್ತಿ ಪಡೆದು, 2006ರಿಂದ ವಸ್ತುಸಂಗ್ರಹಾಲಯವಾಗಿದೆ. ಮಕ್ಕಳ ಕಣ್ಣು ಮೊದಲು ಬೀಳುವುದು ಕ್ಷಿಪಣಿಗಳ ಗೂಡುಗಳ ಮೇಲೆ. ಆದರೆ ನೌಕೆಯ ಮುಂದೊಂದು ಹಿಂದೊಂದು ಇರುವ ಪುಟ್ಟ ಗುಮ್ಮಟಗಳನ್ನು ಸ್ವಲ್ಪ ನಿಂತು ನೋಡಬೇಕು. ಪ್ರತಿಯೊಂದರಲ್ಲೂ 30 ಮಿ.ಮೀ. ಬಾಯಿಯ ಜೋಡಿ ನಳಿಗೆಗಳಿವೆ. ಒಳಗೆ ಕುಳಿತು ಗುರಿ ಹಿಡಿಯುವ ಸೈನಿಕನಿಲ್ಲ. ರಾಡಾರು ಯಾವ ಕಡೆ ತೋರಿಸುತ್ತದೋ ಆ ಕಡೆಗೆ ಗುಮ್ಮಟವನ್ನು ಯಂತ್ರವೇ ತಿರುಗಿಸಬೇಕು.

ಮೋಟಾರು ಇದೆ, ಗೇರು ಇದೆ, ತಿರುಗಿಸಿದರಾಯಿತು ಎಂದು ಯಾರಿಗಾದರೂ ಅನ್ನಿಸಬಹುದು. ತೊಡಕು ಇರುವುದು ನಡುವಿನ ಉಕ್ಕಿನಲ್ಲಿ. ಉಕ್ಕು ಗಟ್ಟಿ ಎಂಬುದು ನಮ್ಮ ಬೆರಳಿನ ಅನುಭವ ಮಾತ್ರ. ಟನ್ನುಗಟ್ಟಲೆ ತೂಕದ ಗುಮ್ಮಟವನ್ನು ಥಟ್ಟನೆ ತಿರುಗಿಸಿ ಥಟ್ಟನೆ ನಿಲ್ಲಿಸುವಾಗ ದಂಡವೂ ಗೇರಿನ ಹಲ್ಲುಗಳೂ ಕೂದಲೆಳೆಯಷ್ಟಾದರೂ ತಿರುಚಿಕೊಳ್ಳುತ್ತವೆ, ಮತ್ತೆ ಬಿಚ್ಚಿಕೊಳ್ಳುತ್ತವೆ. ಹಾಗಾಗಿ ಎಂಜಿನಿಯರ್ ಇದನ್ನು ಒಂದೇ ವಸ್ತುವೆಂದು ಎಣಿಸುವುದಿಲ್ಲ. ಈ ತುದಿಗೆ ಮೋಟಾರಿನ ಜಡತ್ವ, ಆ ತುದಿಗೆ ಗುಮ್ಮಟದ ಜಡತ್ವ, ನಡುವೆ ಒಂದು ಸ್ಪ್ರಿಂಗು. ಅವನ ಮಟ್ಟಿಗೆ ಯಂತ್ರವೆಂದರೆ ಇಷ್ಟೇ.

ಇದರ ಸ್ವಭಾವ ತಿಳಿಯಲು ತೋಪಿನ ಹತ್ತಿರ ಹೋಗಬೇಕಿಲ್ಲ. ಅಂಕೋಲೆಯ ಯಾವುದೇ ಮನೆಯ ಬಾವಿಕಟ್ಟೆ ಸಾಕು. ಹಳೆಯ ಸೈಕಲ್ ಟ್ಯೂಬಿನ ಪಟ್ಟಿಗೆ ಸಣ್ಣ ಬಕೆಟ್ಟು ಕಟ್ಟಿ, ಅರ್ಧ ನೀರು ತುಂಬಿ ಕೈಯಲ್ಲಿ ಹಿಡಿಯಿರಿ. ಭಾರಕ್ಕೆ ಪಟ್ಟಿ 25 ಸೆಂಟಿಮೀಟರಿನಷ್ಟು ಹಿಗ್ಗಿದರೆ ಆ ಬಕೆಟ್ಟು ಹೆಚ್ಚುಕಡಿಮೆ ಸೆಕೆಂಡಿಗೊಂದು ಸಲ ಕುಣಿಯುತ್ತದೆ. ರಬ್ಬರು ಪುಸ್ತಕದ ಸ್ಪ್ರಿಂಗಿನಷ್ಟು ಶಿಸ್ತಿನದಲ್ಲ, ಆದ್ದರಿಂದ ಲೆಕ್ಕ ಸ್ವಲ್ಪ ಆಚೀಚೆ ಆದೀತು. ಈಗ ಕೈಯನ್ನು ನಿಧಾನವಾಗಿ ಮೇಲೆ ಕೆಳಗೆ ಮಾಡಿ. ಬಕೆಟ್ಟು ವಿಧೇಯ ಶಿಷ್ಯನಂತೆ ಕೈಯ ಜೊತೆಗೇ ಬರುತ್ತದೆ. ತುಂಬ ಬೇಗ ಬೇಗ ಅಲುಗಿಸಿ. ಕೈ ಮೇಲಕ್ಕೆ ಹೋದಾಗ ಬಕೆಟ್ಟು ಕೆಳಕ್ಕೆ ಇಳಿಯುತ್ತದೆ. ಇವೆರಡರ ನಡುವೆ, ಸರಿಯಾಗಿ ಸೆಕೆಂಡಿಗೊಮ್ಮೆಯ ತಾಳದಲ್ಲಿ, ಕೈ ಅಲುಗಿತೋ ಇಲ್ಲವೋ ಎನ್ನುವಷ್ಟು ಅಲುಗಿದರೂ ಬಕೆಟ್ಟು ಮಾತ್ರ ನೀರು ಚೆಲ್ಲುವಷ್ಟು ಕುಣಿಯುತ್ತದೆ. ಆ ಹೊತ್ತಿನಲ್ಲಿ ಕೈಗೆ ಎಳೆತ ಚೆನ್ನಾಗಿಯೇ ತಿಳಿಯುತ್ತದೆ. ಬಲ ಹಾಕುತ್ತಿದ್ದೇವೆ, ಆದರೆ ಕೈ ನಿಂತಲ್ಲೇ ಇದೆ. ಹಾಕಿದ ಬಲವನ್ನೆಲ್ಲ ಸ್ಪ್ರಿಂಗು ಎದುರಿಗೆ ನಿಂತು ಸರಿಗಟ್ಟುತ್ತಿದೆ.

ಮೋಟಾರಿಗೂ ಇದೇ ಗತಿ. ಒಂದು ನಿರ್ದಿಷ್ಟ ಆವರ್ತಾಂಕದಲ್ಲಿ ಮೋಟಾರಿಗೆ ಎಷ್ಟೇ ತಿರುಗುಬಲ ಕೊಟ್ಟರೂ ಅದು ಅಲುಗುವುದಿಲ್ಲ; ತೂಗುವುದು ಗುಮ್ಮಟ. ಇದಕ್ಕೆ ಪ್ರತಿ-ಅನುರಣನ ಎನ್ನಬಹುದು. ಕೊಟ್ಟ ಬಲಕ್ಕೆ ಮೋಟಾರು ಎಷ್ಟು ಚಲಿಸಿತು ಎಂಬ ಪ್ರಮಾಣ ಇಲ್ಲಿ ಸೊನ್ನೆ. ಗಣಿತದವರು ಇದನ್ನು ‘ಸೊನ್ನೆ’ ಎಂದೇ ಕರೆಯುತ್ತಾರೆ, ಹೆಸರಿನಲ್ಲಿ ಬೇರೇನೂ ಗುಟ್ಟಿಲ್ಲ. ಇದಕ್ಕಿಂತ ಮೇಲೆ ಇನ್ನೊಂದು ಆವರ್ತಾಂಕವಿದೆ. ಅಲ್ಲಿ ಮೋಟಾರು ಬಲಕ್ಕೆ ಹೋದರೆ ಗುಮ್ಮಟ ಎಡಕ್ಕೆ, ಇಬ್ಬರೂ ಎದುರುಬದುರಾಗಿ ಜೋರಾಗಿ ಕಂಪಿಸುತ್ತಾರೆ. ಇದೇ ಎಲ್ಲರಿಗೂ ಗೊತ್ತಿರುವ ಅನುರಣನ.

ಲೆಕ್ಕಕ್ಕೊಂದು ಗುಮ್ಮಟ ಇಟ್ಟುಕೊಳ್ಳಿ. ಮೋಟಾರಿನ ಜಡತ್ವ 1 ಪಾಲು, ಗುಮ್ಮಟದ್ದು 3 ಪಾಲು. ಅಂಗೈಯಗಲದ ಮೋಟಾರು ಗುಮ್ಮಟದ ಮೂರರಲ್ಲೊಂದು ಪಾಲಾಗುವುದು ಹೇಗೆ ಎಂದು ಕೇಳಬಹುದು. ಗೇರು 100 ಪಟ್ಟು ವೇಗ ತಗ್ಗಿಸಿದರೆ, ಗುಮ್ಮಟದ ಕಡೆಯಿಂದ ನೋಡಿದಾಗ ಮೋಟಾರಿನ ಜಡತ್ವ ನೂರರ ವರ್ಗದಷ್ಟು, ಅಂದರೆ 10,000 ಪಟ್ಟು ದೊಡ್ಡದಾಗಿ ಕಾಣುತ್ತದೆ. ಸರಿ, ಪ್ರತಿ-ಅನುರಣನ ಸೆಕೆಂಡಿಗೆ 5 ಆವರ್ತ ಎನ್ನೋಣ. ಜಡತ್ವಗಳ ಪ್ರಮಾಣ 3, ಅದಕ್ಕೆ 1 ಕೂಡಿಸಿದರೆ 4, ಅದರ ವರ್ಗಮೂಲ 2. ಆದ್ದರಿಂದ ಅನುರಣನ ಇದರ ಎರಡು ಪಟ್ಟು, ಸೆಕೆಂಡಿಗೆ 10 ಆವರ್ತ.

ಇನ್ನು ನಿಜವಾದ ಪ್ರಶ್ನೆ. ಗುಮ್ಮಟ ಎಲ್ಲಿದೆ, ಎಷ್ಟು ವೇಗದಲ್ಲಿ ತಿರುಗುತ್ತಿದೆ ಎಂದು ತಿಳಿಸುವ ಸಂವೇದಕವನ್ನು ಎಲ್ಲಿ ಕೂರಿಸಬೇಕು? ಮೋಟಾರಿನ ದಂಡದ ಮೇಲೋ, ಗುಮ್ಮಟದ ಮೇಲೋ? ಸಾಮಾನ್ಯ ಬುದ್ಧಿಗೆ ಉತ್ತರ ಥಟ್ಟನೆ ಹೊಳೆಯುತ್ತದೆ: ಗುರಿ ಹಿಡಿಯಬೇಕಾದ್ದು ತೋಪು, ಮೋಟಾರಲ್ಲ, ತೋಪನ್ನೇ ಅಳೆಯಿರಿ. ಹಾಗೆ ಅಳೆದು ಹಿಮ್ಮಾಹಿತಿ ಕೊಟ್ಟು ನೋಡಿದರೆ ಯಂತ್ರ ಗುಂಯ್‌ಗುಟ್ಟಿ ನಡುಗತೊಡಗುತ್ತದೆ.

ಕಾರಣವನ್ನು ಶಕ್ತಿಯ ಲೆಕ್ಕದಲ್ಲಿ ನೋಡುವುದು ಸುಲಭ. ತೂಗುತ್ತಿರುವ ಉಯ್ಯಾಲೆಯನ್ನು ನಿಲ್ಲಿಸಲು ಅದು ಹೋಗುವ ದಿಕ್ಕಿಗೆ ಎದುರಾಗಿ ತಳ್ಳುತ್ತೇವೆ. ಎದುರಾಗಿ ತಳ್ಳಿದಷ್ಟೂ ಅದರ ಶಕ್ತಿ ಇಳಿಯುತ್ತದೆ. ಸಂವೇದಕ ಮೋಟಾರಿನ ಮೇಲಿದ್ದರೆ ನಿಯಂತ್ರಕ ಮಾಡುವುದೂ ಇದನ್ನೇ. ಮೋಟಾರು ಬಲಕ್ಕೆ ಹೋಗುತ್ತಿದ್ದರೆ ಅದೇ ಮೋಟಾರನ್ನು ಎಡಕ್ಕೆ ತಳ್ಳುತ್ತದೆ. ಅಳೆಯುವ ಜಾಗವೂ ತಳ್ಳುವ ಜಾಗವೂ ಒಂದೇ ಆದ್ದರಿಂದ, ಕಂಪನ ಯಾವ ಬಗೆಯದಾದರೂ ಶಕ್ತಿ ಹೊರಕ್ಕೆ ಹೋಗುತ್ತದೆಯೇ ವಿನಾ ಒಳಕ್ಕೆ ಬರುವುದಿಲ್ಲ. ಆ ‘ಸೊನ್ನೆ’ಯ ಉಪಕಾರವೇ ಇದು. ಅನುರಣನದಲ್ಲಿ ಸಂಕೇತ ಅರ್ಧ ಸುತ್ತು ಹಿಂದೆ ಬೀಳುವ ಮೊದಲೇ ಸೊನ್ನೆ ಅದನ್ನು ಅರ್ಧ ಸುತ್ತು ಮುಂದೆ ತಂದಿಟ್ಟಿರುತ್ತದೆ. ಸಾಲ, ಜಮೆ ಎರಡೂ ಸರಿಹೋಗುತ್ತವೆ.

ಸಂವೇದಕವನ್ನು ಗುಮ್ಮಟಕ್ಕೆ ಸಾಗಿಸಿದಾಗ ಈ ಜಮೆ ಇಲ್ಲ. ಕೊಟ್ಟ ಬಲಕ್ಕೆ ಗುಮ್ಮಟ ತೋರುವ ಚಲನೆಯಲ್ಲಿ ಸೊನ್ನೆಯಾಗುವ ಆವರ್ತಾಂಕವೇ ಇಲ್ಲ. 10 ಆವರ್ತದ ಕಂಪನದಲ್ಲಿ ಗುಮ್ಮಟ ಬಲಕ್ಕೆ ಹೋಗುತ್ತಿದೆ ಎನ್ನಿ. ನಿಯಂತ್ರಕ ತನ್ನ ಕೆಲಸ ಮಾಡುತ್ತದೆ, ಎಡಕ್ಕೆ ತಳ್ಳು ಎನ್ನುತ್ತದೆ. ಆದರೆ ತಳ್ಳುವುದು ಮೋಟಾರನ್ನು. ಆ ಗಳಿಗೆಯಲ್ಲಿ ಮೋಟಾರು ಆಗಲೇ ಎಡಕ್ಕೆ ಹೋಗುತ್ತಿದೆ, ಅದೂ ಗುಮ್ಮಟದ ಮೂರು ಪಟ್ಟು ಅಂತರದಲ್ಲಿ. ಹೋಗುವವನನ್ನು ಹೋಗುವ ಕಡೆಗೇ ತಳ್ಳಿದ ಹಾಗಾಯಿತು. ಪ್ರತಿ ಸುತ್ತಿಗೂ ಶಕ್ತಿ ಸೇರುತ್ತದೆ, ಕಂಪನ ಬೆಳೆಯುತ್ತದೆ. ಹಾಗಾದರೆ ಚಿಹ್ನೆ ತಿರುವುಮುರುವು ಮಾಡಿ ಎಡದ ಬದಲು ಬಲಕ್ಕೆ ತಳ್ಳಬಾರದೇಕೆ? ನಿಧಾನದ ಚಲನೆಯಲ್ಲಿ ಮೋಟಾರು, ಗುಮ್ಮಟ ಒಟ್ಟಿಗೇ ಹೋಗುತ್ತವಲ್ಲ, ಆಗ ಆ ಉಪಾಯ ಗುಮ್ಮಟವನ್ನು ಗುರಿಯಿಂದ ದೂರಕ್ಕೇ ಓಡಿಸುತ್ತದೆ.

ಲೋಹದಲ್ಲೂ ಬೇರಿಂಗಿನಲ್ಲೂ ಸ್ವಲ್ಪ ಶಮನ ಇದ್ದೇ ಇರುವುದರಿಂದ ಗುಮ್ಮಟದ ಹಿಮ್ಮಾಹಿತಿ ಪೂರಾ ನಿಷಿದ್ಧವಲ್ಲ. ಆದರೆ ಮಿತಿ ಬಿಗಿಯಾಗಿದೆ. ಮೇಲಿನ ಗುಮ್ಮಟದಲ್ಲಿ ಅನುರಣನದ ಶಮನಾಂಕ 0.01 ಇದೆ ಎನ್ನಿ. ಅಂದರೆ ತಾನಾಗಿ ಬಿಟ್ಟರೆ ಕಂಪನ ಸುತ್ತಿಗೆ ಶೇಕಡಾ 6ರಷ್ಟು ಕುಗ್ಗುತ್ತದೆ. ಗುಮ್ಮಟದ ವೇಗವನ್ನಷ್ಟೇ ಅಳೆದು ನೇರವಾಗಿ ಸರಿಪಡಿಸುವ ಪದ್ಧತಿಯಲ್ಲಿ, ನಡುಕ ಹತ್ತದ ಹಾಗೆ ಹೋಗಬಹುದಾದ ಗಡಿಯೆಂದರೆ ಶಮನಾಂಕದ ಎರಡರಷ್ಟನ್ನು ಅನುರಣನದಿಂದ ಗುಣಿಸಿದಷ್ಟು. ಎರಡು ಸಲ 0.01, ಗುಣಿಸು 10. ಬಂದದ್ದು 0.2. ಐದು ಸೆಕೆಂಡಿಗೊಂದು ಆವರ್ತಕ್ಕಿಂತ ಚುರುಕಾದ ಏನನ್ನೂ ಈ ನಿಯಂತ್ರಣ ತಿದ್ದಲಾರದು, ಸುರಕ್ಷಿತವಾಗಿರಬೇಕಾದರೆ ಇದರ ಅರ್ಧಕ್ಕೇ ನಿಲ್ಲಬೇಕು. ಸಣ್ಣ ನೌಕೆ ಅಲೆಯಲ್ಲಿ ಹೊರಳುವುದೇ ಕೆಲವು ಸೆಕೆಂಡುಗಳ ಲಯದಲ್ಲಿ. ಅದು ಹೊರಳಿ ಮುಗಿಯುವ ತನಕ ತೋಪು ಕಾಯುತ್ತ ಕೂತರೆ ಎದುರಿನ ವಿಮಾನ ಕಾಯುವುದೇ?

ಹಾಗೆಂದು ಮೋಟಾರನ್ನಷ್ಟೇ ನಂಬಿದರೆ ಇನ್ನೊಂದು ಪೇಚು. ಗಾಳಿ ಗುಮ್ಮಟವನ್ನು ತಳ್ಳಿ ದಂಡ ತಿರುಚಿಕೊಂಡರೂ, ಗೇರಿನ ಹಲ್ಲುಗಳ ನಡುವಿನ ಸಡಿಲದಲ್ಲಿ ನಳಿಗೆ ಜಾರಿದರೂ ಮೋಟಾರಿನ ಸಂವೇದಕಕ್ಕೆ ಗೊತ್ತಾಗುವುದಿಲ್ಲ. ಅದರ ಜೊತೆಗೆ, ಮೋಟಾರಿನ ಹಿಮ್ಮಾಹಿತಿಯನ್ನು ಅತಿಯಾಗಿ ಬಿಗಿ ಮಾಡಿದಷ್ಟೂ ಮೋಟಾರು ಬ್ರೇಕು ಹಾಕಿದಂತೆ ಕಲ್ಲಾಗಿ ನಿಲ್ಲುತ್ತದೆ. ಕಲ್ಲಾದ ಮೋಟಾರು ಕಂಪನದ ಶಕ್ತಿ ಹೀರಲಾರದು. ಆಗ ಗುಮ್ಮಟ ಸ್ಪ್ರಿಂಗಿನ ತುದಿಯಲ್ಲಿ ಒಂಟಿಯಾಗಿ, ಸರಿಯಾಗಿ ಪ್ರತಿ-ಅನುರಣನದ 5 ಆವರ್ತದಲ್ಲಿ ತೂಗತೊಡಗುತ್ತದೆ. ನಮ್ಮ ಲೆಕ್ಕದ ಗುಮ್ಮಟದಲ್ಲಿ ಆ ತೂಗಾಟ ಅರ್ಧಕ್ಕಿಳಿಯಲು 22 ಸುತ್ತು, ಅಂದರೆ ನಾಲ್ಕು ಸೆಕೆಂಡಿಗೂ ಹೆಚ್ಚು ಬೇಕು. ಇಷ್ಟೂ ಹೊತ್ತು ಮೋಟಾರಿನ ಮಾಪಕ ‘ಎಲ್ಲ ಸುಸೂತ್ರ’ ಎಂದೇ ಹೇಳುತ್ತಿರುತ್ತದೆ. ಪ್ರತಿ-ಅನುರಣನದ ಎರಡನೆಯ ಮುಖ ಇದು.

ಆದ್ದರಿಂದ ಅನುಭವಿಗಳು ಎರಡು ಕಡೆಯೂ ಅಳೆಯುತ್ತಾರೆ. ಒಳಗಿನ ಚುರುಕಾದ ಬಳಸು ಮೋಟಾರಿನ ವೇಗವನ್ನು ನೋಡುತ್ತದೆ. ಅದನ್ನು ಹದವಾಗಿ ಬಿಗಿ ಮಾಡಿದರೆ, ಕಲ್ಲೂ ಆಗದೆ ಸಡಿಲವೂ ಆಗದೆ ಮೋಟಾರೇ ಕಂಪನವನ್ನು ಹೀರುತ್ತದೆ. ಹೊರಗಿನ ನಿಧಾನದ ಬಳಸು ಗುಮ್ಮಟದ ನಿಜವಾದ ಸ್ಥಾನವನ್ನು ನೋಡಿ, ತಿರುಚಿನಿಂದಾದ ಉಳಿದ ತಪ್ಪನ್ನು ತಿದ್ದುತ್ತದೆ. ಒಳಬಳಸು ಕಂಪನದ ಶಮನ ಹೆಚ್ಚಿಸಿದಷ್ಟೂ ಹೊರಬಳಸಿನ ಗಡಿ ಸಡಿಲವಾಗುತ್ತದೆ; ಮೇಲಿನ ಗುಣಾಕಾರದಲ್ಲಿ 0.01ರ ಬದಲು 0.1 ಹಾಕಿ ನೋಡಿದರೆ ಅಂದಾಜು ಸಿಗುತ್ತದೆ.

ಯಂತ್ರ ಮುಂದಿದ್ದಾಗ ಈ ಎರಡು ಆವರ್ತಾಂಕಗಳನ್ನು ಕಂಡುಹಿಡಿಯುವ ಹಳೆಯ ಉಪಾಯ ಸೊಗಸಾಗಿದೆ. ಮೋಟಾರಿಗೆ ಬ್ರೇಕು ಹಾಕಿ, ಗುಮ್ಮಟವನ್ನು ಒಮ್ಮೆ ನೂಕಿ ಬಿಡುವುದು. ಅದು ತೂಗುವ ಲಯವೇ ಪ್ರತಿ-ಅನುರಣನ. ಸೆಕೆಂಡಿಗೆ ಐದು ಸಲವನ್ನು ಕಣ್ಣು ಎಣಿಸಲಾರದು, ದಾಖಲಿಸುವ ಉಪಕರಣ ಬೇಕು. ಬ್ರೇಕು ಬಿಟ್ಟು ಮೋಟಾರಿಗೊಂದು ಗುದ್ದು ಕೊಟ್ಟರೆ ಕೇಳುವ ಹೆಚ್ಚಿನ ಲಯ ಅನುರಣನ. ಎರಡನೆಯದನ್ನು ಮೊದಲನೆಯದರಿಂದ ಭಾಗಿಸಿ, ವರ್ಗ ಮಾಡಿ, 1 ಕಳೆದರೆ ಗುಮ್ಮಟ ಮೋಟಾರಿನ ಎಷ್ಟು ಪಟ್ಟು ಎಂಬುದು ಯಾವ ಭಾಗವನ್ನೂ ಬಿಚ್ಚದೆ ಗೊತ್ತಾಗುತ್ತದೆ. ಹತ್ತನ್ನು ಐದರಿಂದ ಭಾಗಿಸಿದರೆ 2, ವರ್ಗ 4, ಒಂದು ಕಳೆದರೆ 3.

ದೊಡ್ಡ ಆಂಟೆನಾಗಳ ಎಂಜಿನಿಯರುಗಳು ಪ್ರತಿ-ಅನುರಣನವನ್ನು ‘ಮೋಟಾರು ಬಿಗಿದ ಆವರ್ತಾಂಕ’ ಎಂಬ ಅರ್ಥದ ಹೆಸರಿನಿಂದಲೇ ಕರೆಯುತ್ತಾರೆ. ಬಿಡದಿಯ ಹತ್ತಿರದ ಬ್ಯಾಲಾಳುವಿನಲ್ಲಿ 2008ರ ಚಂದ್ರಯಾನಕ್ಕಾಗಿ ಸಿದ್ಧವಾದ ಇಸ್ರೋದ ಬಟ್ಟಲಿನ ವ್ಯಾಸ 32 ಮೀಟರ್. 8.4 ಗಿಗಾಹರ್ಟ್ಸ್ ಅಲೆಯಲ್ಲಿ ಅಂಥ ಬಟ್ಟಲಿನ ದೃಷ್ಟಿಯ ಅಗಲ ಡಿಗ್ರಿಯ ನೂರರಲ್ಲಿ ಎಂಟು ಪಾಲು, ಆಕಾಶದ ಚಂದ್ರಬಿಂಬದ ಆರರಲ್ಲೊಂದು ಭಾಗ ಮಾತ್ರ. ಇಂಥ ಯಂತ್ರದಲ್ಲಿ ಅನುರಣನದ ಆವರ್ತಾಂಕವನ್ನಷ್ಟೇ ಸೋಸಿ ತೆಗೆಯುವ ಶೋಧಕವನ್ನು ನಿಯಂತ್ರಕದೊಳಗೆ ಇಡುವುದುಂಟು. ಆದರೆ ಬಟ್ಟಲು ದಿಗಂತದ ಕಡೆ ನೋಡುವಾಗ ಮತ್ತು ನೆತ್ತಿಯ ಕಡೆ ನೋಡುವಾಗ ಅಡ್ಡ ತಿರುಗುವ ಅಕ್ಷದ ಸುತ್ತ ಅದರ ಜಡತ್ವ ಒಂದೇ ಆಗಿರುವುದಿಲ್ಲ, ಆವರ್ತಾಂಕವೂ ಸರಿಯುತ್ತದೆ. ಶೋಧಕವನ್ನು ಒಂದೇ ಅಂಕೆಗೆ ಕೂರಿಸಿಬಿಟ್ಟರೆ ಮುಂಜಾನೆ ಕೆಲಸ ಮಾಡಿದ ನಿಯಂತ್ರಣ, ನೌಕೆ ನೆತ್ತಿಗೆ ಏರುವ ಹೊತ್ತಿಗೆ ಗುಂಯ್‌ಗುಡತೊಡಗೀತು. ಆದ್ದರಿಂದ ಬ್ರೇಕು ಹಾಕಿ ನೂಕುವ ಆ ಪರೀಕ್ಷೆಯನ್ನು ಬಟ್ಟಲನ್ನು ಬೇರೆ ಬೇರೆ ಕೋನಗಳಲ್ಲಿ ನಿಲ್ಲಿಸಿ ಮತ್ತೆ ಮತ್ತೆ ಮಾಡಬೇಕಾಗುತ್ತದೆ.