ಎರಡನೇ ಸಲ ಕೊಟ್ಟವರು ಎಷ್ಟು ಜನ ಅಂತ ಕೇಳಿ

(1/5)
ಸೆಮಿಸ್ಟರ್ ರಜೆ ಬಂತು ಅಂದ್ರೆ ನಿಮ್ಮ ಇನ್‌ಬಾಕ್ಸ್‌ಗೂ ಈ ಮೆಸೇಜ್ ಬಂದೇ ಬರುತ್ತೆ: "ಎನ್‌ಜಿಒದಲ್ಲಿ ಫಂಡ್‌ರೈಸಿಂಗ್ ಇಂಟರ್ನ್‌ಶಿಪ್, ಒಂದು ತಿಂಗಳು, ಟಾರ್ಗೆಟ್ ಮುಟ್ಟಿದ್ರೆ ಸರ್ಟಿಫಿಕೇಟ್." ಕೆಲಸ ಏನಪ್ಪಾ ಅಂದ್ರೆ ಒಂದು ಫೋಟೊ, ಒಂದು ಕ್ಯೂಆರ್ ಕೋಡ್ ಸ್ಟೋರಿಗೆ ಹಾಕೋದು, ಆಮೇಲೆ ಅತ್ತೆ, ಚಿಕ್ಕಪ್ಪ, ಹಾಸ್ಟೆಲ್ ರೂಮ್‌ಮೇಟ್ ಎಲ್ಲರಿಗೂ ಕಳಿಸೋದು. ಅವರು ನೂರು, ಇನ್ನೂರು ಹಾಕ್ತಾರೆ. ಟಾರ್ಗೆಟ್ ಮುಗೀತು.

ನಾನು ಹೇಳೋದು ಇಷ್ಟೇ: ಆ ದುಡ್ಡು ನಿಮ್ಮ ಮುಖ ನೋಡಿ ಬಂದದ್ದು, ಸಂಸ್ಥೆಯ ಕೆಲಸ ನೋಡಿ ಅಲ್ಲ. ಮುಂದಿನ ವರ್ಷ ನೀವು ಕೇಳಲ್ಲ, ಅವರು ಕೊಡಲ್ಲ. ಹಾಗಾಗಿ ಒಂದು ಅಭಿಯಾನ ಗೆದ್ದಿತಾ ಅಂತ ನೋಡೋಕೆ ಒಟ್ಟು ಮೊತ್ತ ಸಾಲದು. ಹೋದ ವರ್ಷ ಕೊಟ್ಟವರಲ್ಲಿ ಎಷ್ಟು ಜನ ಈ ವರ್ಷವೂ ಕೊಟ್ಟರು, ಅದನ್ನ ನೋಡ್ಬೇಕು.

(2/5)
ನಾವು ಕಾಮರ್ಸ್‌ನವರು, ಲೆಕ್ಕ ಹಾಕೇ ನೋಡೋಣ. ಹಳ್ಳಿ ಮಕ್ಕಳಿಗೆ ಲೈಬ್ರರಿ ನಡೆಸೋ ಒಂದು ಟ್ರಸ್ಟ್ ಇದೆ ಅಂತ ಇಟ್ಕೊಳ್ಳಿ. ಮೊದಲ ವರ್ಷ 200 ಜನ ತಲಾ 500 ರೂಪಾಯಿ ಕೊಟ್ರು, ಒಂದು ಲಕ್ಷ. ಎರಡನೇ ವರ್ಷ 220 ಜನ, 1,10,000. ಶೇಕಡಾ 10 ಜಾಸ್ತಿ, ಎಲ್ಲರೂ ಚಪ್ಪಾಳೆ ಹೊಡೀತಾರೆ.

ಆದ್ರೆ ಆ 220ರಲ್ಲಿ ಹಳಬರು ಬರೀ 40 ಜನ, ಉಳಿದ 180 ಹೊಸಬರು ಅಂತಾದ್ರೆ? 200ರಲ್ಲಿ 160 ಜನ ಕೈಬಿಟ್ಟು ಹೋಗಿದ್ದಾರೆ. ಮರಳಿದವರು ಶೇಕಡಾ 20 ಮಾತ್ರ. ಒಬ್ಬ ಹೊಸಬರನ್ನ ಹುಡುಕೋಕೆ 200 ರೂಪಾಯಿ, ಹಳಬರಿಗೆ ಥ್ಯಾಂಕ್ಸ್ ಹೇಳಿ ಮತ್ತೆ ಕೇಳೋಕೆ 20 ರೂಪಾಯಿ ಖರ್ಚು ಅಂತ ಹಿಡಿದ್ರೆ, ಆ ವರ್ಷದ ಖರ್ಚು 36,800. ಅದೇ 100 ಜನ ಹಳಬರು ಮರಳಿದ್ರೆ 120 ಹೊಸಬರು ಸಾಕು, ಖರ್ಚು 26,000ಕ್ಕೆ ಇಳಿಯುತ್ತೆ. ಬಂದ ದುಡ್ಡು ಎರಡರಲ್ಲೂ ಒಂದೇ. ಉಳಿದ 10,800 ಪುಸ್ತಕಕ್ಕೆ ಹೋಗುತ್ತೆ. ಒಟ್ಟು ಮೊತ್ತ ಮಾತ್ರ ನೋಡಿದ್ರೆ ಈ ವ್ಯತ್ಯಾಸ ಕಣ್ಣಿಗೇ ಬೀಳಲ್ಲ.

(3/5)
ಈಗ ಕಥೆಯ ವಿಷಯ. ಅಳೋ ಮಗುವಿನ ಫೋಟೊ ಯಾಕೆ ಹಾಕ್ತಾರೆ? ಯಾಕಂದ್ರೆ ಅದು ಕೆಲಸ ಮಾಡುತ್ತೆ. ಡೆಬೊರಾ ಸ್ಮಾಲ್, ಜಾರ್ಜ್ ಲೋವೆನ್‌ಸ್ಟೈನ್, ಪಾಲ್ ಸ್ಲೋವಿಕ್ ಅನ್ನೋ ಮೂವರು 2007ರಲ್ಲಿ ಒಂದು ಪ್ರಯೋಗ ಪ್ರಕಟಿಸಿದ್ರು. ಜನರ ಕೈಗೆ ಐದು ಡಾಲರ್ ಕೊಟ್ಟು, ಇದರಲ್ಲಿ ಎಷ್ಟು ದಾನ ಮಾಡ್ತೀರಿ ಅಂತ ಕೇಳಿದ್ರು. ಆಫ್ರಿಕಾದ ಹಸಿವಿನ ಅಂಕಿಅಂಶ ಓದಿದವರು ಸರಾಸರಿ 1.14 ಡಾಲರ್ ಕೊಟ್ರು. ಮಾಲಿ ದೇಶದ ರೋಕಿಯಾ ಅನ್ನೋ ಒಬ್ಬ ಏಳು ವರ್ಷದ ಹುಡುಗಿ ಬಗ್ಗೆ ಓದಿದವರು 2.38 ಡಾಲರ್. ಎರಡನ್ನೂ ಸೇರಿಸಿ ಓದಿಸಿದ್ರೆ 1.43ಕ್ಕೆ ಇಳೀತು. ಅಂದ್ರೆ ಒಬ್ಬರ ಕಥೆ ಪಕ್ಕ ಅಂಕಿ ಇಟ್ರೆ ಮನಸ್ಸು ಮತ್ತೆ ತಣ್ಣಗಾಗುತ್ತೆ.

ಸರಿ, ಒಪ್ಪೋಣ. ಆದ್ರೆ ಆ ಪ್ರಯೋಗ ಅಳೆದದ್ದು ಒಂದು ದಿನದ ಒಂದು ದಾನವನ್ನ. ಆಮೇಲೆ ಏನಾಯ್ತು ಅಂತ ಹೇಳಬೇಕಾದದ್ದು ಸಂಸ್ಥೆ. "ನಿಮ್ಮ 500 ರೂಪಾಯಿ ಒಂದು ಮಗುವಿನ ಬದುಕು ಬದಲಿಸಿತು" ಅಂತ ಬರೆದ್ರೆ ಕಥೆ ಅಲ್ಲಿಗೇ ಮುಗೀತಲ್ಲ, ಎರಡನೇ ಸಲ ಯಾಕೆ ಕೊಡ್ಬೇಕು? ಅದರ ಬದಲು ಮೂರು ತಿಂಗಳಾದ ಮೇಲೆ ಹೀಗೆ ಬರೀಲಿ: "ಎರಡು ಕಪಾಟು ಬಂತು, 140 ಪುಸ್ತಕ ಬಂತು. ಮಕ್ಕಳು ಕಥೆಪುಸ್ತಕ ಒಯ್ತಾರೆ, ವಿಜ್ಞಾನದ ಪುಸ್ತಕ ಮುಟ್ತಿಲ್ಲ. ಯಾಕೆ ಅಂತ ಹುಡುಕ್ತಿದ್ದೀವಿ." ಇದರಲ್ಲಿ ಕಣ್ಣೀರಿಲ್ಲ. ಆದ್ರೆ ಮುಂದೇನಾಯ್ತು ಅಂತ ತಿಳ್ಕೊಳ್ಳೋ ಆಸೆ ಹುಟ್ಟುತ್ತೆ. ಆಗದೇ ಇರೋದನ್ನೂ ಹೇಳೋ ಸಂಸ್ಥೆಯನ್ನ ಜನ ನಂಬ್ತಾರೆ ಅನ್ನೋದು ನನ್ನ ಅಭಿಪ್ರಾಯ.

(4/5)
"ಗೂಗಲ್ ಫ್ರೀಯಾಗಿ ತಿಂಗಳಿಗೆ 10,000 ಡಾಲರ್ ಕೊಡುತ್ತಂತೆ, ಅಪ್ಲೈ ಮಾಡೋಣ" ಅನ್ನೋ ಉತ್ಸಾಹಿಗಳು ಪ್ರತಿ ಟೀಮ್‌ನಲ್ಲೂ ಒಬ್ಬರು ಇರ್ತಾರೆ. ಗೂಗಲ್ ಆಡ್ ಗ್ರಾಂಟ್ಸ್ ಇರೋದು ನಿಜ. ಆದ್ರೆ ಅದು ನಗದು ಅಲ್ಲ, ಗೂಗಲ್ ಸರ್ಚ್‌ನಲ್ಲಿ ಅಕ್ಷರದ ಜಾಹೀರಾತು ಹಾಕೋಕೆ ಸಿಗೋ ಕ್ರೆಡಿಟ್. ನೋಂದಾಯಿತ ದತ್ತಿ ಸಂಸ್ಥೆ ಆಗಿರಬೇಕು, ಮೊದಲು ಗೂಗಲ್ ಫಾರ್ ನಾನ್‌ಪ್ರಾಫಿಟ್ಸ್‌ನಲ್ಲಿ ಪರಿಶೀಲನೆ ಆಗಬೇಕು. ಸರ್ಕಾರಿ ಸಂಸ್ಥೆ, ಆಸ್ಪತ್ರೆ, ಶಾಲೆ-ಕಾಲೇಜಿಗೆ ಸಿಗಲ್ಲ. ಅಂದ್ರೆ ನಮ್ಮ ಕಾಲೇಜಿನ ಹೆಸರಲ್ಲಿ ಅರ್ಜಿ ಹಾಕೋಕೆ ಹೋಗ್ಬೇಡಿ. ಸಂಸ್ಥೆಗೆ ಸ್ವಂತ ವೆಬ್‌ಸೈಟ್ ಇರಬೇಕು. ಬೇರೆ ಕ್ರೌಡ್‌ಫಂಡಿಂಗ್ ಸೈಟಿನ ಪುಟಕ್ಕೆ ಜಾಹೀರಾತಿನ ಲಿಂಕ್ ಕೊಡೋ ಹಾಗಿಲ್ಲ.

ಸಿಕ್ಕ ಮೇಲೂ ಷರತ್ತು ಇದೆ. ಜಾಹೀರಾತು ನೋಡಿದ ನೂರು ಸಲದಲ್ಲಿ ಕನಿಷ್ಠ ಐದು ಸಲ ಕ್ಲಿಕ್ ಆಗಬೇಕು. ಸತತ ಎರಡು ತಿಂಗಳು ಇದು ತಪ್ಪಿದ್ರೆ ಖಾತೆ ನಿಲ್ಲಿಸಬಹುದು. ಒಂದೇ ಪದದ ಕೀವರ್ಡ್ ಸಾಮಾನ್ಯವಾಗಿ ಬಿಡಲ್ಲ. "ದಾನ" ಅಂತ ಹಾಕಿ ಊರಿಗೆಲ್ಲ ತೋರಿಸೋಣ ಅಂದ್ರೆ ಆಗಲ್ಲ. "ಹಳೆ ಪುಸ್ತಕ ಲೈಬ್ರರಿಗೆ ಕೊಡೋದು ಹೇಗೆ" ಅಂತ ಯಾರೋ ಹುಡುಕಿದಾಗ ಉತ್ತರವಾಗಿ ನಿಲ್ಲಬೇಕು. ಹಾಗೆ ಹುಡುಕೋರು ಕಡಿಮೆ, ಅದಕ್ಕೇ ಸಣ್ಣ ಸಂಸ್ಥೆಗೆ ಪೂರ್ತಿ ಕ್ರೆಡಿಟ್ ಖರ್ಚು ಮಾಡೋದೇ ಕಷ್ಟ. ಇಲ್ಲಿ ಅಳೋ ಫೋಟೊಗೆ ಜಾಗವೇ ಇಲ್ಲ. ಕ್ಲಿಕ್ ಮಾಡಿ ಬಂದವರ ಹೆಸರು, ನಂಬರ್ ಬರ್ಕೊಳ್ಳೋ ವ್ಯವಸ್ಥೆ ಪುಟದಲ್ಲಿ ಇಲ್ಲದಿದ್ರೆ ಅವರೂ ಒಂದೇ ಸಲದ ಅತಿಥಿಗಳು.

(5/5)
ಹಾಗಾಗಿ ಮೊದಲು ಪಟ್ಟಿ, ಆಮೇಲೆ ಕಥೆ, ಕೊನೆಗೆ ಜಾಹೀರಾತು. ಪಟ್ಟಿಗೆ ದುಬಾರಿ ಸಾಫ್ಟ್‌ವೇರ್ ಬೇಡ, ಒಂದು ಶೀಟ್ ಸಾಕು. A ಕಾಲಂನಲ್ಲಿ ಫೋನ್ ನಂಬರ್, B ಕಾಲಂನಲ್ಲಿ ಹಣಕಾಸು ವರ್ಷ ಶುರುವಾಗೋ ಇಸವಿ, C ಕಾಲಂನಲ್ಲಿ ಆ ವರ್ಷ ಅವರು ಕೊಟ್ಟ ಒಟ್ಟು ಮೊತ್ತ. D2ನಲ್ಲಿ ಇದನ್ನ ಹಾಕಿ ಕೆಳಗೆ ಎಳೀರಿ:

```
=IF(COUNTIFS(A:A,A2,B:B,B2-1)>0,"ಮರಳಿದವರು","")
```

ಇದು ಆ ನಂಬರ್ ಹಿಂದಿನ ವರ್ಷವೂ ಇತ್ತಾ ಅಂತ ನೋಡುತ್ತೆ. ಎರಡು ಕಡೆ ಜಾರಬಹುದು. ತಿಂಗಳಿಗೆ 100 ಕೊಡೋರನ್ನ 12 ಸಾಲಾಗಿ ಬರೆದ್ರೆ ಒಬ್ಬರೇ 12 ಜನ ಆಗ್ತಾರೆ, ಅದಕ್ಕೇ ಒಬ್ಬರಿಗೆ ವರ್ಷಕ್ಕೆ ಒಂದೇ ಸಾಲು. ಇನ್ನು ಹೋದ ವರ್ಷ ಅಪ್ಪನ ನಂಬರ್, ಈ ವರ್ಷ ಸ್ವಂತ ನಂಬರ್ ಕೊಟ್ಟವರು ಹೊಸಬರ ಥರ ಕಾಣ್ತಾರೆ. 80ಜಿ ರಸೀದಿ ತಗೊಂಡವರ ವಿಷಯದಲ್ಲಿ ಈ ತೊಂದರೆ ಕಡಿಮೆ. 2021-22ರಿಂದ ಸಂಸ್ಥೆಗಳು ಫಾರ್ಮ್ 10ಬಿಡಿಯಲ್ಲಿ ದಾನಿಗಳ ಪ್ಯಾನ್‌ನಂಥ ಗುರುತಿನ ಸಂಖ್ಯೆ ಬರೆದು ಆದಾಯ ತೆರಿಗೆ ಇಲಾಖೆಗೆ ಕೊಡ್ತಾ ಬಂದಿವೆ. ಅಂದ್ರೆ ಅರ್ಧ ಪಟ್ಟಿ ಆಫೀಸಿನಲ್ಲೇ ಇದೆ. ಯಾರೂ ತೆಗೆದು ಎರಡು ವರ್ಷ ಅಕ್ಕಪಕ್ಕ ಇಟ್ಟು ನೋಡಿಲ್ಲ ಅಷ್ಟೇ. ಪ್ಯಾನ್, ನಂಬರ್ ಇರೋ ಆ ಶೀಟನ್ನ ಮಾತ್ರ ವಾಟ್ಸಾಪ್ ಗ್ರೂಪಿಗೆ ಹಾಕ್ಬೇಡಿ.

ಬರೀ ಕ್ಯೂಆರ್ ಸ್ಟೋರಿಯಿಂದ ಬಂದ ದುಡ್ಡಿಗೆ ಈ ಯಾವ ಲೆಕ್ಕವೂ ಕೂರಲ್ಲ, ಯುಪಿಐ ಹೆಸರು ಬಿಟ್ರೆ ಕೈಯಲ್ಲಿ ಏನೂ ಇರಲ್ಲ. ಅದಕ್ಕೇ ಈ ಸಲ ಇಂಟರ್ನ್‌ಶಿಪ್ ಮೆಸೇಜ್ ಬಂದ್ರೆ ಟಾರ್ಗೆಟ್ ಎಷ್ಟು ಅಂತ ಕೇಳೋ ಮುಂಚೆ ಇದನ್ನ ಕೇಳಿ: "ಹೋದ ವರ್ಷ ಕೊಟ್ಟವರಲ್ಲಿ ಎಷ್ಟು ಜನ ಈ ವರ್ಷ ಮತ್ತೆ ಕೊಟ್ರು?" ಉತ್ತರ ಶೇಕಡಾ 20 ಅಂದ್ರೂ ಪರವಾಗಿಲ್ಲ, ಅವರು ಎಣಿಸ್ತಿದ್ದಾರೆ. "ಅದೆಲ್ಲ ಗೊತ್ತಿಲ್ಲ, ನೀವು ಲಿಂಕ್ ಶೇರ್ ಮಾಡಿ" ಅಂದ್ರೆ, ನಿಮ್ಮ ಅತ್ತೆ-ಚಿಕ್ಕಪ್ಪಂದಿರನ್ನ ಬಿಟ್ಟುಬಿಡಿ ಪಾಪ.

ನೀವು ಕೊಟ್ಟ ಯಾವ ಸಂಸ್ಥೆ ಆಮೇಲೆ ನಿಮಗೆ ಸುದ್ದಿ ಕಳಿಸಿದೆ? ಕಮೆಂಟ್‌ನಲ್ಲಿ ಹಾಕಿ.

#ಬಿಕಾಂಮಾತು #ಲೆಕ್ಕಕೊಡಿ