ಲೆಕ್ಕ ತಪ್ಪಿದ್ದು ಇಆರ್‌ಪಿಯೋ, ನಾವೋ?

ಕುಂದಾಪುರ ಕಡೆಯ ನಮ್ಮ ಸಂಘದ ಸದಸ್ಯರೊಬ್ಬರು ದುಬೈಯ ಒಂದು ಗುತ್ತಿಗೆ ಸಂಸ್ಥೆಯಲ್ಲಿ ಎಂಟು ವರ್ಷ ಸ್ಟೋರ್‌ಕೀಪರ್ ಆಗಿದ್ದರು. ಊರಿಗೆ ಮರಳುವ ಮುನ್ನ ಕೈಗೆ ಬಂದ ಅಂತಿಮ ಲೆಕ್ಕದ ಹಾಳೆಯನ್ನು ನಮ್ಮ ಮುಂದಿಟ್ಟು, "ಕಂಪ್ಯೂಟರ್ ಸಹ ಲೆಕ್ಕ ತಪ್ಪುತ್ತದಾ ಮಾರಾಯ್ರೆ?" ಎಂದರು. ನಾವು ಆಗ ಅದೇ ಸಮೂಹದ ಐಟಿ ವಿಭಾಗದಲ್ಲಿದ್ದೆವು.

ಅವರ ಮೂಲ ವೇತನ ತಿಂಗಳಿಗೆ 3,000 ದಿರ್ಹಮ್, ಅಂದರೆ ದಿನಕ್ಕೆ 100. ಯುಎಇ ಕಾನೂನಿನಂತೆ ಮೊದಲ ಐದು ವರ್ಷಗಳಿಗೆ ವರ್ಷಕ್ಕೆ 21 ದಿನಗಳ, ನಂತರದ ವರ್ಷಗಳಿಗೆ ತಲಾ 30 ದಿನಗಳ ಮೂಲ ವೇತನ ಗ್ರಾಚುಟಿಯಾಗಿ ಸಿಗಬೇಕು. ಎಂಟು ವರ್ಷಕ್ಕೆ 10,500 ಮತ್ತು 9,000 ಸೇರಿ 19,500 ದಿರ್ಹಮ್. ಹಾಳೆಯಲ್ಲಿ ಇದ್ದದ್ದು 8,400. ಅದು ಸರಿಯಾಗಿ ನಾಲ್ಕು ವರ್ಷದ ಲೆಕ್ಕ.

ಅವರು ಸೇರಿದ್ದು 2016ರ ಮೇ 1ಕ್ಕೆ. 2020ರ ಮೇ ತಿಂಗಳಲ್ಲಿ ಸಮೂಹದ ಇನ್ನೊಂದು ಸಂಸ್ಥೆಗೆ ವರ್ಗವಾಗಿದ್ದರು. ಸೇವೆ ಮುಂದುವರಿಯುತ್ತದೆ, ಗ್ರಾಚುಟಿ ಕೊನೆಗೆ ಒಟ್ಟಿಗೆ ಎಂದು ವರ್ಗಾವಣೆ ಪತ್ರದಲ್ಲಿ ಬರೆದಿತ್ತು. ಇಆರ್‌ಪಿಗೆ ಮಾತ್ರ ಅವರು 2020ರಲ್ಲಿ ಹೊಸದಾಗಿ ಸೇರಿದವರು.

ಕಚೇರಿಯಲ್ಲಿ ಎಲ್ಲರೂ "ಇಆರ್‌ಪಿ ತಪ್ಪು" ಅಂದರು. ಪೇರೋಲ್ ತಂಡದವರು 11,100 ದಿರ್ಹಮನ್ನು ಕೈಯಿಂದ ಸೇರಿಸಿ ಫೈಲು ಮುಚ್ಚಲು ಸಿದ್ಧರಾದರು. ಆ ಹಣ ನಮ್ಮ ಸ್ನೇಹಿತರಿಗೆ ಸಿಕ್ಕಿತು. ಆದರೆ ತಪ್ಪು ಎಲ್ಲಿದೆ ಎಂದು ಹುಡುಕಲು ನಮಗೆ ನೆರವಾದದ್ದು ಟೋಗಾಫ್ ಹೇಳುವ ನಾಲ್ಕು ಪದರಗಳ ಲೆಕ್ಕ.

ಟೋಗಾಫ್ ಎಂದರೆ ದಿ ಓಪನ್ ಗ್ರೂಪ್ 1995ರಲ್ಲಿ ಮೊದಲು ಹೊರತಂದ ಎಂಟರ್‌ಪ್ರೈಸ್ ಆರ್ಕಿಟೆಕ್ಚರ್ ಚೌಕಟ್ಟು. ಒಂದು ಸಂಸ್ಥೆಯನ್ನು ಅದು ನಾಲ್ಕು ಪದರಗಳಾಗಿ ನೋಡುತ್ತದೆ. ಮೊದಲನೆಯದು ಬಿಸಿನೆಸ್: ಯಾರು, ಯಾವ ಕೆಲಸವನ್ನು, ಯಾವ ನಿಯಮದಂತೆ ಮಾಡುತ್ತಾರೆ. ಎರಡನೆಯದು ಡೇಟಾ: ಆ ಕೆಲಸಕ್ಕೆ ಬೇಕಾದ ಮಾಹಿತಿ ಯಾವುದು, ಅದರ ಅರ್ಥವೇನು, ಮೂಲ ಎಲ್ಲಿದೆ. ಮೂರನೆಯದು ಅಪ್ಲಿಕೇಶನ್: ಆ ಮಾಹಿತಿಯನ್ನು ಬಳಸಿ ಕೆಲಸ ನಡೆಸುವ ಸಾಫ್ಟ್‌ವೇರ್‌ಗಳು. ನಾಲ್ಕನೆಯದು ಟೆಕ್ನಾಲಜಿ: ಅವು ಓಡುವ ಸರ್ವರ್, ನೆಟ್‌ವರ್ಕ್, ಕ್ಲೌಡ್. ಟೋಗಾಫ್‌ನ ಕಾರ್ಯವಿಧಾನದಲ್ಲಿ ಬಿಸಿನೆಸ್ಸಿಗೆ ಹಂತ ಬಿ, ಡೇಟಾ ಮತ್ತು ಅಪ್ಲಿಕೇಶನ್ ಎರಡಕ್ಕೂ ಹಂತ ಸಿ, ಟೆಕ್ನಾಲಜಿಗೆ ಹಂತ ಡಿ. ಪ್ರತಿ ಹಂತದಲ್ಲೂ ಈಗ ಇರುವುದನ್ನು ಬರೆದು, ಮುಂದೆ ಬೇಕಾದದ್ದನ್ನು ಬರೆದು, ನಡುವಿನ ಅಂತರವನ್ನು ಪಟ್ಟಿ ಮಾಡುತ್ತಾರೆ.

ಹಾಗಾದರೆ ಇಆರ್‌ಪಿ ಎಲ್ಲಿ? ಅದರ ಮನೆ ಅಪ್ಲಿಕೇಶನ್ ಪದರ. ಆದರೆ ಅದು ಆ ಮನೆಯಲ್ಲೇ ಸುಮ್ಮನೆ ಕೂರುವ ಜಾತಿಯದ್ದಲ್ಲ. ಕೆಲಸ ಹೀಗೇ ನಡೆಯಬೇಕು ಎಂಬ ಸಿದ್ಧ ಕ್ರಮವನ್ನು ಜೊತೆಗೇ ತರುತ್ತದೆ, ತನ್ನದೇ ಡೇಟಾ ಕೋಷ್ಟಕಗಳನ್ನು ತರುತ್ತದೆ, ಯಾವ ಡೇಟಾಬೇಸ್ ಮೇಲೆ ಓಡಬೇಕೆಂದೂ ಹಲವು ಸಲ ಹೇಳುತ್ತದೆ. ಟೋಗಾಫ್‌ಗೂ ಇದು ಗೊತ್ತು. ಇಆರ್‌ಪಿಯಂಥ ದೊಡ್ಡ ಅಪ್ಲಿಕೇಶನ್ನನ್ನೇ ನಡುವೆ ಇಟ್ಟುಕೊಂಡು ಆರ್ಕಿಟೆಕ್ಚರ್ ಕಟ್ಟುವ ಸಂಸ್ಥೆಗಳಿವೆ, ಅಲ್ಲಿ ಅದನ್ನು ಉಳಿದವುಗಳ ಜೊತೆ ಜೋಡಿಸುವುದೇ ದೊಡ್ಡ ಸವಾಲು ಎಂದು ಹಂತ ಸಿಯಲ್ಲಿ ಅದು ಹೇಳುತ್ತದೆ.

ಇದಕ್ಕೆ ಟೋಗಾಫ್‌ನಲ್ಲಿ ಎರಡು ಹೆಸರುಗಳಿವೆ. "ನೌಕರನ ಸೇವಾವಧಿ ಲೆಕ್ಕ ಹಾಕುವ ಸಾಮರ್ಥ್ಯ ಬೇಕು" ಎನ್ನುವುದು ಆರ್ಕಿಟೆಕ್ಚರ್ ಬಿಲ್ಡಿಂಗ್ ಬ್ಲಾಕ್, ಅದು ಅಗತ್ಯ. ಆ ಅಗತ್ಯ ತುಂಬಲು ನಾವು ಕೊಂಡ ಉತ್ಪನ್ನ ಸೊಲ್ಯೂಷನ್ ಬಿಲ್ಡಿಂಗ್ ಬ್ಲಾಕ್. ಇಆರ್‌ಪಿ ಇರುವುದು ಇಲ್ಲಿ. ಮೊದಲನೆಯದನ್ನು ಬರೆಯದೆ ಎರಡನೆಯದನ್ನು ಕೊಂಡರೆ, ಉತ್ಪನ್ನದಲ್ಲಿ ಏನಿದೆಯೋ ಅದೇ ನಮ್ಮ ಅಗತ್ಯ ಎಂದಾಗಿಬಿಡುತ್ತದೆ. ನಮ್ಮಲ್ಲಿ ಆದದ್ದು ಇದೇ.

ನಾವು ಕೆಳಗಿನಿಂದ ಮೇಲಕ್ಕೆ ಹೋದೆವು. ಟೆಕ್ನಾಲಜಿಯಲ್ಲಿ ತೊಂದರೆ ಇದ್ದಿದ್ದರೆ ಹಾಳೆ ತಡವಾಗುತ್ತಿತ್ತು ಅಥವಾ ಬರುತ್ತಲೇ ಇರಲಿಲ್ಲ, ಹಾಗಾಗಿರಲಿಲ್ಲ. ಅಪ್ಲಿಕೇಶನ್ನಿನ ಸೂತ್ರ ತಪ್ಪಿದ್ದರೆ ಎಲ್ಲರ ಲೆಕ್ಕವೂ ತಪ್ಪಬೇಕಿತ್ತು. ವರ್ಗವಾಗದವರದು ಸರಿಯಾಗೇ ಇತ್ತು. ಡೇಟಾದಲ್ಲಿ ನೋಡಿದರೆ "ಸೇರಿದ ದಿನಾಂಕ" ಎಂಬ ಒಂದೇ ಅಂಕಣಕ್ಕೆ ಎರಡು ಅರ್ಥ: ಈ ಸಂಸ್ಥೆಗೆ ಸೇರಿದ ದಿನ, ಮತ್ತು ಗ್ರಾಚುಟಿಗೆ ಎಣಿಸಬೇಕಾದ ಸೇವೆ ಆರಂಭವಾದ ದಿನ. ನಮ್ಮ ಇಆರ್‌ಪಿಯಲ್ಲಿ ಎರಡನೆಯದಕ್ಕೆ ಬೇರೆ ಜಾಗವೇ ಇತ್ತು. ಅದನ್ನು ಯಾರೂ ತುಂಬಿರಲಿಲ್ಲ, ಅಷ್ಟೇ.

ಯಾಕೆ ತುಂಬಲಿಲ್ಲ? ಇದಕ್ಕೆ ಉತ್ತರ ಬಿಸಿನೆಸ್ ಪದರದಲ್ಲಿತ್ತು. ವರ್ಗಾವಣೆಯೆಂದರೆ ಹಳೆಯ ಲೇಬರ್ ಪರ್ಮಿಟ್ ರದ್ದು ಮಾಡಿಸಿ ಹೊಸದು ಮಾಡಿಸಬೇಕು. ಆ ಓಡಾಟ ಪಿಆರ್‌ಒ ಅವರದು. ಎಚ್‌ಆರ್ ಗುಮಾಸ್ತರು ಆ ಕಾಗದಗಳ ಕ್ರಮವನ್ನೇ ಇಆರ್‌ಪಿಯಲ್ಲೂ ಅನುಸರಿಸಿ, ಮೊದಲು "ಕೆಲಸ ಬಿಟ್ಟರು" ಎಂದು, ಆಮೇಲೆ "ಹೊಸ ನೇಮಕ" ಎಂದು ನಮೂದಿಸಿದ್ದರು. ಇಆರ್‌ಪಿಯಲ್ಲಿ ವರ್ಗಾವಣೆಗೇ ಬೇರೆ ಕ್ರಮವಿತ್ತು. ಅದನ್ನು ಬಳಸಬೇಕೆಂದು ಅವರಿಗೆ ಯಾರೂ ಹೇಳಿರಲಿಲ್ಲ. ಸೇವೆಯ ದಿನಾಂಕಕ್ಕೆ ಹೊಣೆ ಯಾರೆಂದೂ ಎಲ್ಲಿಯೂ ಬರೆದಿರಲಿಲ್ಲ. ಸರ್ಕಾರಿ ಕಾಗದದ ಕಣ್ಣಿಗೆ ಅದು ರದ್ದು ಮತ್ತು ಹೊಸ ಪರ್ಮಿಟ್, ಸಂಸ್ಥೆಯ ಮಾತಿನಲ್ಲಿ ಮುಂದುವರಿದ ಸೇವೆ. ಈ ಎರಡನ್ನು ಬೇರೆ ಮಾಡಿ ನೋಡುವ ಕೆಲಸ ಹಂತ ಬಿಯಲ್ಲಿ ಆಗಬೇಕಿತ್ತು.

ಹಾಗಾದರೆ ಹೀಗೆ ವರ್ಗವಾದವರೆಲ್ಲರ ಲೆಕ್ಕವೂ ತಪ್ಪಿರಬೇಕಲ್ಲ? ಒಬ್ಬರಿಗೇ ಎರಡು ನೌಕರ ಸಂಖ್ಯೆ ಇರುವುದನ್ನು ಹುಡುಕಿದೆವು. ಪಾಸ್‌ಪೋರ್ಟ್ ಸಂಖ್ಯೆ ನವೀಕರಿಸಿದಾಗ ಬದಲಾಗುತ್ತದೆ, ಹೆಸರಿನ ಕಾಗುಣಿತ ಎರಡು ಕಡೆ ಎರಡು ಥರ ಇರುತ್ತದೆ. ಆದ್ದರಿಂದ ಎಮಿರೇಟ್ಸ್ ಐಡಿ ಸಂಖ್ಯೆಯಿಂದ ಹೊಂದಿಸಿದೆವು. ಇನ್ನೂ ಹನ್ನೊಂದು ಮಂದಿ ಸಿಕ್ಕರು. ಯಾರೂ ಇನ್ನೂ ಕೆಲಸ ಬಿಟ್ಟಿರಲಿಲ್ಲ, ಹಾಗಾಗಿ ಯಾರಿಗೂ ಗೊತ್ತಾಗಿರಲಿಲ್ಲ. ಮೊದಲ ಫೈಲಿನಲ್ಲೇ 11,100 ಸೇರಿಸಿ ಮುಚ್ಚಿದ್ದರೆ ಈ ಹನ್ನೊಂದು ಮಂದಿಯೂ ಒಬ್ಬೊಬ್ಬರಾಗಿ ವಿಮಾನ ಹತ್ತುವ ವಾರದಲ್ಲಿ ಅಳುಮೋರೆ ಹಾಕಿಕೊಂಡು ಬರಬೇಕಿತ್ತು.

ಪರಿಹಾರಕ್ಕೆ ಇಆರ್‌ಪಿಯಲ್ಲಿ ಒಂದು ಸಾಲು ಕೋಡ್ ಕೂಡ ಬೇಕಾಗಲಿಲ್ಲ. ಸೇವೆ ಮುಂದುವರಿಯುವುದೋ ಇಲ್ಲವೋ ಎಂದು ಎಚ್‌ಆರ್ ಮುಖ್ಯಸ್ಥರು ಪತ್ರ ನೋಡಿ ತೀರ್ಮಾನಿಸಬೇಕು ಎಂದು ಬರೆದುಕೊಂಡೆವು. ಆ ದಿನಾಂಕಕ್ಕೆ ಒಂದೇ ಅರ್ಥ, ಒಂದೇ ಜಾಗ ಎಂದಾಯಿತು. ಗುಮಾಸ್ತರಿಗೆ ವರ್ಗಾವಣೆಯ ಕ್ರಮ ತೋರಿಸಿಕೊಟ್ಟೆವು. ಹನ್ನೆರಡು ದಾಖಲೆಗಳನ್ನು ತಿದ್ದಿದೆವು. ಸೂತ್ರ ಮೊದಲಿನಿಂದಲೂ ಸರಿಯೇ ಇತ್ತು.

ನೀವೂ ಒಂದೇ ಸಮೂಹದೊಳಗೆ ವರ್ಗವಾಗಿದ್ದರೆ, ನಿಮ್ಮ ಎಚ್‌ಆರ್ ಪೋರ್ಟಲ್‌ನಲ್ಲಿ ಸೇರಿದ ದಿನಾಂಕ ಏನಿದೆ ಎಂದು ನೋಡಿಕೊಳ್ಳಿ. ಹೊಸ ದಿನಾಂಕ ಕಂಡ ಕೂಡಲೇ ತಪ್ಪು ಅನ್ನಬೇಡಿ. ವರ್ಗವಾದಾಗಲೇ ಹಳೆಯ ಗ್ರಾಚುಟಿ ಚುಕ್ತಾ ಆಗಿದ್ದರೆ ಅದೇ ಸರಿ. ಚುಕ್ತಾ ಆಗಿಲ್ಲದಿದ್ದರೆ ವರ್ಗಾವಣೆ ಪತ್ರ ಹಿಡಿದು ಎಚ್‌ಆರ್‌ಗೆ ಹೋಗಿ, ಐಟಿಗೆ ಅಲ್ಲ. ನಮ್ಮ ಬಳಿ ಬಂದರೆ ನಾವು ಸೂತ್ರ ನೋಡಿ "ಸಿಸ್ಟಮ್ ಸರಿ ಇದೆ" ಅನ್ನುತ್ತೇವೆ. ಅದು ಸುಳ್ಳೂ ಅಲ್ಲ.